ಕಣ್ಣೊಳಗಿನ ಗುಳ್ಳೆಯೂ ಬೆಟ್ಟದ ಹಾದಿಯೂ

ಅಕ್ಷಿಪಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆಸ್ಪತ್ರೆಯಿಂದ ಹೊರಡುವ ರೋಗಿಗೆ ಕಣ್ಣಿನ ವೈದ್ಯರು ಕೆಲವು ವೇಳೆ ಎರಡು ಕಟ್ಟಪ್ಪಣೆಗಳನ್ನು ಮಾಡುತ್ತಾರೆ. ಮೊದಲನೆಯದು, ಇಷ್ಟು ದಿನ ಹಗಲೂ ರಾತ್ರಿ ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಎರಡನೆಯದು, ನಾವು ಹೇಳುವವರೆಗೆ ವಿಮಾನ ಹತ್ತಬಾರದು, ಬೆಟ್ಟ ಏರಬಾರದು. ಮೊದಲನೆಯದನ್ನು ಕೇಳಿ ರೋಗಿ ಮುಖ ಸಪ್ಪಗೆ ಮಾಡಿಕೊಂಡರೂ ಒಪ್ಪಿಕೊಳ್ಳುತ್ತಾನೆ. ಎರಡನೆಯದನ್ನು ಕೇಳಿದಾಗ ಮಾತ್ರ ಅವನಿಗೂ ಅವನ ಮನೆಯವರಿಗೂ ಆಶ್ಚರ್ಯವಾಗುತ್ತದೆ. ಕಣ್ಣಿಗೂ ಬೆಟ್ಟಕ್ಕೂ ಏನು ಸಂಬಂಧ? ಕಾಲಿಗೆ ಏಟಾಗಿದ್ದರೆ ಬೆಟ್ಟ ಹತ್ತಬೇಡವೆಂದರೆ ಅರ್ಥವುಂಟು; ಬಸ್ಸಿನಲ್ಲಿ ಸುಮ್ಮನೆ ಕುಳಿತು ಘಾಟಿ ಹತ್ತಿದರೆ ಕಣ್ಣಿಗೇನಾದೀತು? ಹೀಗೆಂದುಕೊಂಡು ಅಪ್ಪಣೆಯನ್ನು ಮೀರಿದವರಲ್ಲಿ ಕೆಲವರು ಆ ಕಣ್ಣನ್ನೇ ಕಳೆದುಕೊಂಡಿದ್ದಾರೆ. ಈ ಎರಡು ಅಪ್ಪಣೆಗಳ ಮೂಲವೂ ಒಂದೇ: ವೈದ್ಯರು ಕಣ್ಣೊಳಗೆ ಇಟ್ಟು ಕಳುಹಿಸಿರುವ ಒಂದು ಅನಿಲದ ಗುಳ್ಳೆ. ಆ ಗುಳ್ಳೆಯ ಸ್ವಭಾವವನ್ನೂ, ನಮ್ಮ ತುಮಕೂರು ಸೀಮೆಯವರು ಅದನ್ನು ಹೊತ್ತುಕೊಂಡು ಯಾವ ದಾರಿಯಲ್ಲಿ ಹೋಗಬಹುದು, ಯಾವ ದಾರಿಯಲ್ಲಿ ಹೋಗಬಾರದೆಂಬುದನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ಕಣ್ಣಿನ ರಚನೆಯನ್ನು ಸ್ವಲ್ಪ ನೆನೆಯೋಣ. ಕಣ್ಣುಗುಡ್ಡೆಯ ಒಳಗೋಡೆಯ ಹಿಂಭಾಗಕ್ಕೆ ತೆಳ್ಳಗಿನ ಕಾಗದವನ್ನು ಅಂಟಿಸಿದಂತೆ ಒಂದು ಪೊರೆಯಿದೆ. ಇದೇ ಅಕ್ಷಿಪಟ, ಅಂದರೆ ರೆಟಿನಾ. ನಾವು ನೋಡುವ ವಸ್ತುವಿನ ಬಿಂಬ ಬೀಳುವುದು ಇದರ ಮೇಲೆ. ಇದರ ನಟ್ಟನಡುವೆ, ಕಣ್ಣುಪಾಪೆಗೆ ಸರಿಸುಮಾರು ಎದುರಾಗಿ, ಮ್ಯಾಕುಲಾ ಎಂಬ ಪುಟ್ಟ ಭಾಗವಿದೆ. ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲವೂ ಈ ಭಾಗದ ಕೆಲಸ. ಕಣ್ಣಿನ ಮುಂದಿನ ಮಸೂರಕ್ಕೂ ಹಿಂದಿನ ಅಕ್ಷಿಪಟಕ್ಕೂ ನಡುವಣ ಟೊಳ್ಳಿನಲ್ಲಿ ಮೊಟ್ಟೆಯ ಬಿಳಿಯಂತೆ ತಿಳಿಯಾದ ಲೋಳೆ ತುಂಬಿಕೊಂಡಿರುತ್ತದೆ. ಇದಕ್ಕೆ ವಿಟ್ರಿಯಸ್ ಎಂದು ಹೆಸರು. ಇದರ ಪ್ರಮಾಣ ಸುಮಾರು 4 ಮಿಲಿಲೀಟರ್. ಒಂದು ಚಹಾ ಚಮಚಕ್ಕಿಂತ ಕೊಂಚ ಕಡಿಮೆ. ಮುಂದಿನ ಲೆಕ್ಕಗಳಿಗೆ ಬೇಕಾಗುವುದರಿಂದ ಈ ಅಳತೆಯನ್ನು ವಾಚಕರು ನೆನಪಿನಲ್ಲಿಡಬೇಕು.

ವಯಸ್ಸಾದಂತೆ ಈ ಲೋಳೆ ನೀರಾಗಿ, ಕುಗ್ಗಿ, ಅಕ್ಷಿಪಟದಿಂದ ಕಳಚಿಕೊಳ್ಳುತ್ತದೆ. ಸಾಮಾನ್ಯವಾಗಿ ಇದರಿಂದ ತೊಂದರೆಯಿಲ್ಲ. ಆದರೆ ಎಲ್ಲಿಯಾದರೂ ಬಿಗಿಯಾಗಿ ಅಂಟಿಕೊಂಡಿದ್ದರೆ, ಕಳಚುವಾಗ ಅಕ್ಷಿಪಟವನ್ನೇ ಹರಿದುಬಿಡಬಹುದು. ಹರಿದ ಬಾಯಿಯಿಂದ ನೀರು ಹಿಂದಕ್ಕೆ ನುಗ್ಗಿದರೆ, ಮಳೆ ನೀರು ಸೇರಿದ ಗೋಡೆಯಿಂದ ಸುಣ್ಣದ ಪದರ ಏಳುವಂತೆ ಅಕ್ಷಿಪಟವು ಗೋಡೆಯಿಂದ ಏಳತೊಡಗುತ್ತದೆ. ಇನ್ನು ಕೆಲವರಲ್ಲಿ ಮ್ಯಾಕುಲಾದಲ್ಲಿಯೇ ಒಂದು ಸಣ್ಣ ರಂಧ್ರ ಬಿದ್ದು ನೋಟದ ನಡುಮಧ್ಯದಲ್ಲಿ ಮಸುಕಾದ ಚುಕ್ಕೆಯೊಂದು ನಿಂತುಬಿಡುತ್ತದೆ.

ಇಂಥ ಕಣ್ಣಿಗೆ ಮಾಡುವ ಶಸ್ತ್ರಚಿಕಿತ್ಸೆಯೇ ವಿಟ್ರೆಕ್ಟಮಿ. ಮುಚ್ಚಿದ ಕಣ್ಣಿನೊಳಗೆ ಸಣ್ಣ ತೂತಿನ ಮೂಲಕ ಉಪಕರಣ ತೂರಿಸಿ ಲೋಳೆಯನ್ನು ಕತ್ತರಿಸಿ ಹೀರಿ ತೆಗೆಯುವ ಈ ವಿಧಾನವನ್ನು ಅಮೆರಿಕದ ಮಯಾಮಿಯಲ್ಲಿದ್ದ ಜರ್ಮನ್ ಮೂಲದ ವೈದ್ಯ ರಾಬರ್ಟ್ ಮಾಕೆಮರ್ 1971ರಲ್ಲಿ ಜಗತ್ತಿಗೆ ತಿಳಿಸಿದರು. ಈಗ ಕಣ್ಣಿನ ಬಿಳಿಭಾಗದಲ್ಲಿ, ಕಪ್ಪುಗುಡ್ಡೆಯ ಅಂಚಿನಿಂದ ಮೂರೂವರೆ ನಾಲ್ಕು ಮಿಲಿಮೀಟರ್ ಹಿಂದೆ, ಅರ್ಧ ಮಿಲಿಮೀಟರಿನಷ್ಟೇ ಅಗಲದ ಮೂರು ತೂತುಗಳನ್ನು ಮಾಡುತ್ತಾರೆ. ಒಂದರಿಂದ ದೀಪ, ಇನ್ನೊಂದರಿಂದ ಕತ್ತರಿಸುವ ಉಪಕರಣ, ಮತ್ತೊಂದರಿಂದ ಕಣ್ಣು ಕುಸಿಯದಂತೆ ನೀರು. ಲೋಳೆಯನ್ನು ತೆಗೆದು, ಎದ್ದ ಅಕ್ಷಿಪಟವನ್ನು ಸ್ವಸ್ಥಾನದಲ್ಲಿ ಕೂರಿಸಿ, ಹರಿದ ಬಾಯಿಯ ಸುತ್ತ ಲೇಸರಿನಿಂದ ಸುಟ್ಟು, ಕೊನೆಯಲ್ಲಿ ಟೊಳ್ಳಿಗೆ ಅನಿಲವನ್ನು ತುಂಬುತ್ತಾರೆ.

ಅನಿಲವೇ ಏಕೆ? ನೀರು ತುಂಬಿದರಾಗದೆ? ಆಗದು. ನೀರು ಹರಿದ ಬಾಯಿಯಿಂದ ಮತ್ತೆ ಹಿಂದಕ್ಕೆ ಇಳಿಯುತ್ತದೆ. ಅನಿಲದ ಗುಳ್ಳೆಯಾದರೋ ತನ್ನ ಮೇಲ್ಮೈಯ ಸೆಳೆತದಿಂದಾಗಿ ಅಂಥ ಸಣ್ಣ ಬಾಯಿಯಲ್ಲಿ ನುಸುಳದೆ ಅದನ್ನು ಮುಚ್ಚಿಕೊಂಡು ಕೂರುತ್ತದೆ. ಬಾಯಿ ಮುಚ್ಚಿದೊಡನೆ ಹಿಂದೆ ಉಳಿದ ನೀರನ್ನು ಅಕ್ಷಿಪಟದ ಕೆಳಗಿನ ಜೀವಕೋಶಗಳ ಪದರವೇ ಹೀರಿ ಹೊರಹಾಕುತ್ತದೆ. ಅಷ್ಟರಲ್ಲಿ ಲೇಸರಿನ ಗಾಯ ಮಾಗಿ ಅಂಟಿಕೊಳ್ಳಬೇಕು. ಅದಕ್ಕೆ ಒಂದರಿಂದ ಎರಡು ವಾರ ಬೇಕು. ಗುಳ್ಳೆ ಔಷಧವಲ್ಲ, ಗಾರೆ ಒಣಗುವವರೆಗೆ ತಾರಸಿಯ ಅಡಿಗೆ ಕೊಡುವ ಆಸರೆ ಎಂದರೆ ಸರಿಯಾದೀತು.

ಬರೀ ಗಾಳಿಯನ್ನು ತುಂಬಿದರೆ ಅದು ಐದಾರು ದಿನಗಳಲ್ಲಿ ರಕ್ತದಲ್ಲಿ ಕರಗಿಹೋಗುತ್ತದೆ. ಹೆಚ್ಚು ದಿನ ಆಸರೆ ಬೇಕಾದಲ್ಲಿ ನೀರಿನಲ್ಲಿ ಬಹು ನಿಧಾನವಾಗಿ ಕರಗುವ ಅನಿಲಗಳನ್ನು ಗಾಳಿಯೊಡನೆ ಬೆರೆಸಿ ತುಂಬುತ್ತಾರೆ. ನೂರಕ್ಕೆ 20 ಪಾಲು ಸಲ್ಫರ್ ಹೆಕ್ಸಾಫ್ಲೋರೈಡ್ ಬೆರೆಸಿದ ಗುಳ್ಳೆ ಸುಮಾರು ಎರಡು ವಾರ ಉಳಿಯುತ್ತದೆ. ನೂರಕ್ಕೆ 14 ಪಾಲು ಪರ್‌ಫ್ಲೋರೋಪ್ರೊಪೇನ್ ಬೆರೆಸಿದ್ದು ಆರರಿಂದ ಎಂಟು ವಾರ ಉಳಿಯುತ್ತದೆ. ಈ ಅನಿಲಗಳನ್ನು ಬೆರಕೆಯಿಲ್ಲದೆ ತುಂಬಿದರೆ, ರಕ್ತದಲ್ಲಿರುವ ನೈಟ್ರೋಜನ್ ಗುಳ್ಳೆಯೊಳಕ್ಕೆ ಬಂದು ಸೇರಿ, ಮೊದಲನೆಯದು ಎರಡರಷ್ಟು, ಎರಡನೆಯದು ನಾಲ್ಕರಷ್ಟು ಉಬ್ಬುತ್ತವೆ. ಉಬ್ಬದ ಹದವನ್ನು ನೋಡಿಯೇ ಮೇಲಿನ ಪ್ರಮಾಣಗಳನ್ನು ಗೊತ್ತುಮಾಡಿದ್ದಾರೆ. ಕಣ್ಣೊಳಗೆ ಉಬ್ಬುವುದಕ್ಕೆ ಜಾಗವಿಲ್ಲವೆಂಬ ಈ ಸಂಗತಿಯೇ ನಮ್ಮ ಕಥೆಯ ತಿರುಳು.

ಇನ್ನು ಮುಖ ಕೆಳಗೆ ಮಾಡಿಕೊಂಡಿರುವ ವಿಚಾರ. ಗುಳ್ಳೆ ನೀರಿನಲ್ಲಿ ಮೇಲಕ್ಕೇ ಏರುತ್ತದೆ. ಗಾರೆ ಕೆಲಸದವರ ರಸಮಟ್ಟದಲ್ಲಿ ಇದನ್ನು ನಾವೆಲ್ಲ ನೋಡಿದ್ದೇವೆ. ರೋಗಿ ನೆಟ್ಟಗೆ ಕುಳಿತಿದ್ದರೆ ಗುಳ್ಳೆ ಕಣ್ಣಿನ ನೆತ್ತಿಗೆ ಹೋಗುತ್ತದೆ. ಅಂಗಾತ ಮಲಗಿದರೆ ಮುಂದಕ್ಕೆ ಬಂದು ಮಸೂರಕ್ಕೆ ಒತ್ತಿಕೊಳ್ಳುತ್ತದೆ. ಆದರೆ ಮ್ಯಾಕುಲಾ ಇರುವುದು ಕಣ್ಣಿನ ಹಿಂಗೋಡೆಯಲ್ಲಿ. ಹಿಂಗೋಡೆಯನ್ನು ನೆತ್ತಿಯಾಗಿ ಮಾಡಬೇಕಾದರೆ ಮುಖವನ್ನು ನೆಲದ ಕಡೆಗೆ ತಿರುಗಿಸುವುದೊಂದೇ ದಾರಿ. ಆಗ ಗುಳ್ಳೆ ತಾನಾಗಿ ಏರಿ ರಂಧ್ರವನ್ನು ಮುಚ್ಚಿ ನಿಲ್ಲುತ್ತದೆ. ಮ್ಯಾಕುಲಾದ ರಂಧ್ರಕ್ಕೆ ಮದ್ದಿಲ್ಲವೆಂದು ವೈದ್ಯರು ಬಹುಕಾಲ ಕೈಬಿಟ್ಟಿದ್ದರು. 1991ರಲ್ಲಿ ಕೆಲ್ಲಿ ಮತ್ತು ವೆಂಡೆಲ್ ಎಂಬ ಅಮೆರಿಕದ ವೈದ್ಯರಿಬ್ಬರು 52 ಕಣ್ಣುಗಳಲ್ಲಿ ಲೋಳೆ ತೆಗೆದು, ಅನಿಲ ತುಂಬಿ, ರೋಗಿಗಳನ್ನು ಒಂದು ವಾರ ಮುಖ ಕೆಳಗೆ ಮಾಡಿಸಿ ನೋಡಿ, 30 ಕಣ್ಣುಗಳಲ್ಲಿ ರಂಧ್ರ ಮುಚ್ಚಿತೆಂದು ವರದಿ ಮಾಡಿದರು. ಅಲ್ಲಿಂದೀಚೆಗೆ ಈ ಚಿಕಿತ್ಸೆ ಬಹಳ ಸುಧಾರಿಸಿದೆ. ಸಣ್ಣ ರಂಧ್ರಗಳಿಗೆ ವಾರವೆಲ್ಲ ಬಗ್ಗಿರುವ ಅಗತ್ಯವಿಲ್ಲವೆಂದು ಅನೇಕ ವೈದ್ಯರು ಈಗ ಎಣಿಸುತ್ತಾರೆ. ದೊಡ್ಡ ರಂಧ್ರಗಳಿಗೆ ಇನ್ನೂ ಕಟ್ಟುನಿಟ್ಟಾಗಿ ಹೇಳುವವರುಂಟು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗುಳ್ಳೆ ಹಾಕಿಸಿಕೊಂಡವರೆಲ್ಲ ಮಕಾಡೆ ಮಲಗಬೇಕೆಂಬ ನಿಯಮವಿಲ್ಲ. ಹರಿದ ಬಾಯಿ ಎಲ್ಲಿದೆಯೋ ಆ ಜಾಗ ನೆತ್ತಿಯಾಗಬೇಕು, ಅಷ್ಟೇ. ಬಾಯಿ ಕಣ್ಣಿನ ಮೇಲ್ಭಾಗದಲ್ಲಿದ್ದರೆ ನೆಟ್ಟಗೆ ಕೂರುವುದೇ ಸಾಕು. ಬಲಕ್ಕಿದ್ದರೆ ಎಡಮಗ್ಗುಲು, ಎಡಕ್ಕಿದ್ದರೆ ಬಲಮಗ್ಗುಲು. ಆದ್ದರಿಂದ ಪಕ್ಕದ ಮನೆಯವರಿಗೆ ಹೇಳಿದ ಭಂಗಿಯನ್ನು ತಾನು ಅನುಸರಿಸುವುದು ತಪ್ಪು. ಅಂಗಾತ ಮಲಗುವುದು ಮಾತ್ರ ಎಲ್ಲರಿಗೂ ನಿಷಿದ್ಧ. ಗುಳ್ಳೆ ಮಸೂರಕ್ಕೆ ಒತ್ತಿಕೊಂಡರೆ ಮಸೂರಕ್ಕೆ ಪೊರೆ ಬರುವುದು ಬೇಗನಾಗುತ್ತದೆ. ಮುಂದಕ್ಕೆ ತಳ್ಳಿದರೆ ಕಣ್ಣಿನ ನೀರು ಇಂಗಿಹೋಗುವ ಸಂದಿ ಮುಚ್ಚಿ ಒತ್ತಡ ಏರುತ್ತದೆ.

ಬಗ್ಗಬೇಕಾದದ್ದು ಮುಖವೇ ಹೊರತು ಮೈಯಲ್ಲ ಎಂಬುದನ್ನು ಮನೆಯವರು ತಿಳಿದರೆ ರೋಗಿಯ ಕಷ್ಟ ಅರ್ಧ ಇಳಿಯುತ್ತದೆ. ಮೇಜಿನ ಮೇಲೆ ಎರಡು ದಿಂಬುಗಳನ್ನು ನಡುವೆ ಸಂದಿ ಬಿಟ್ಟು ಇಟ್ಟು, ಹಣೆಯನ್ನು ಅವುಗಳ ಮೇಲೆ ಊರಿ ಕೂರಬಹುದು. ನಡೆಯುವಾಗ ತನ್ನ ಕಾಲ್ಬೆರಳುಗಳನ್ನೇ ನೋಡುತ್ತ ನಡೆಯಬಹುದು. ಊಟಕ್ಕೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಳ್ಳಬಹುದು. ಗಂಟೆಗೆ ಐವತ್ತು ನಿಮಿಷ ಬಗ್ಗಿದ್ದು ಹತ್ತು ನಿಮಿಷ ಕತ್ತು ಸಡಿಲಿಸಿಕೊಳ್ಳಲು ಹಲವು ವೈದ್ಯರು ಅನುಮತಿ ಕೊಡುತ್ತಾರೆ. ದಿಂಬು ಕಣ್ಣನ್ನು ಒತ್ತದಂತೆ ಮಾತ್ರ ಎಚ್ಚರ ಬೇಕು.

ಈ ದಿನಗಳಲ್ಲಿ ರೋಗಿಗೆ ಕಾಣುವುದೇನು? ಮೊದಲ ದಿನಗಳಲ್ಲಿ ಬೆಳಕು ಮತ್ತು ಕೈಯಾಡುವುದಷ್ಟೇ ಕಾಣುತ್ತದೆ. ಗುಳ್ಳೆ ಕುಗ್ಗಿದಂತೆ ನೋಟದ ಮೇಲುಗಡೆ ಒಂದು ಅಲುಗಾಡುವ ಗೆರೆ ಮೂಡುತ್ತದೆ. ಗೆರೆಯ ಮೇಲೆ ನೋಟ ತಿಳಿ, ಕೆಳಗೆ ಮಸುಕು. ಗುಳ್ಳೆ ಇರುವುದು ಕಣ್ಣಿನ ನೆತ್ತಿಯಲ್ಲಿ, ಆದರೆ ಮಸುಕು ಕಾಣುವುದು ಕೆಳಗೆ! ಅಕ್ಷಿಪಟದ ಮೇಲೆ ಬಿಂಬ ತಲೆಕೆಳಗಾಗಿ ಬೀಳುವುದೇ ಇದಕ್ಕೆ ಕಾರಣ; ಮಿದುಳು ಎಲ್ಲವನ್ನೂ ತಿರುಗಿಸಿ ತೋರಿಸುವಾಗ ಗುಳ್ಳೆಯನ್ನೂ ತಿರುಗಿಸಿಬಿಡುತ್ತದೆ. ದಿನೇ ದಿನೇ ಗೆರೆ ಕೆಳಕ್ಕಿಳಿಯುತ್ತದೆ. ಕೊನೆಗೆ ಗುಳ್ಳೆ ನೋಟದ ತಳದಲ್ಲಿ ಗೋಲಿಯಂತೆ ಉರುಳಾಡುತ್ತ, ಕೆಲವೊಮ್ಮೆ ಒಡೆದು ಎರಡು ಮೂರಾಗಿ, ಒಂದು ದಿನ ಇಲ್ಲವಾಗುತ್ತದೆ. ಕಣ್ಣೊಳಗೆ ಎಷ್ಟು ಅನಿಲ ಉಳಿದಿದೆಯೆಂಬುದಕ್ಕೆ ರೋಗಿಯ ಕೈಯಲ್ಲಿಯೇ ಇರುವ ಅಳತೆಗೋಲು ಈ ಗೆರೆ.

ಈಗ ಎರಡನೆಯ ಅಪ್ಪಣೆಗೆ ಬರೋಣ. ಉಷ್ಣತೆ ಬದಲಾಗದಿದ್ದರೆ, ಅನಿಲದ ಮೇಲಿನ ಒತ್ತಡ ಇಳಿದಷ್ಟೂ ಅದರ ಗಾತ್ರ ಹೆಚ್ಚುತ್ತದೆಂಬ ಬಾಯ್ಲನ ನಿಯಮವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ನೆಲದ ಮೇಲೆ ಕೂತಿರುವ ಗಾಳಿಯ ಹೊರೆ ಎತ್ತರಕ್ಕೆ ಹೋದಂತೆ ಕಡಿಮೆಯಾಗುತ್ತದೆ. ಸಮುದ್ರದ ಮಟ್ಟದಲ್ಲಿ ಅದು 760 ಮಿಲಿಮೀಟರ್ ಪಾದರಸದಷ್ಟು. ಸುಮಾರು 820 ಮೀಟರ್ ಎತ್ತರದ ತುಮಕೂರಿನಲ್ಲಿ 689ರಷ್ಟು. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 681ರಷ್ಟು. ಊಟಿಗೆ ಕೊಂಡೊಯ್ದ ಆಲೂಗೆಡ್ಡೆ ಚಿಪ್ಸಿನ ಪೊಟ್ಟಣ ದಾರಿಯಲ್ಲಿಯೇ ದಿಂಬಿನಂತೆ ಉಬ್ಬುವುದನ್ನು ಪ್ರವಾಸ ಹೋದವರು ನೋಡಿರಬಹುದು. ಪೊಟ್ಟಣಕ್ಕೆ ಉಬ್ಬಲು ಜಾಗವುಂಟು. ಕಣ್ಣಿನ ಬಿಳಿಗೋಡೆ ಚರ್ಮದಂತೆ ಗಟ್ಟಿ. ಅದು ಹಿಗ್ಗುವುದು ತೀರ ಅಲ್ಪ. ಉಬ್ಬಲಾರದ ಗುಳ್ಳೆ ಒಳಗೆ ಒತ್ತಡವನ್ನು ಏರಿಸುತ್ತದೆ.

ಒಂದು ಉದಾಹರಣೆಯನ್ನು ಲೆಕ್ಕಹಾಕಿ ನೋಡೋಣ. ಅಂತರಸನಹಳ್ಳಿಯ ಮಾರುಕಟ್ಟೆಗೆ ತರಕಾರಿ ತರುವ ರೈತನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನಿಗೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ, ಕಣ್ಣಿನ 4 ಮಿಲಿಲೀಟರಿನಲ್ಲಿ 3 ಮಿಲಿಲೀಟರ್ ಅನಿಲವಿದೆ. ಅವನು ವಿಮಾನ ಹತ್ತಿದನೆನ್ನಿ. ವಿಮಾನದೊಳಗೆ ಗಾಳಿಯನ್ನು ಒತ್ತಿ ತುಂಬಿರುತ್ತಾರೆಂಬುದು ನಿಜ. ಆದರೆ ನೆಲದಷ್ಟು ಒತ್ತಿರುವುದಿಲ್ಲ. ಒಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ, ಅಂದರೆ 565 ಮಿಲಿಮೀಟರಿನ ಹತ್ತಿರಕ್ಕೆ, ಇಳಿಯಬಹುದು. 681 ಇದ್ದದ್ದು 565 ಆದರೆ 3 ಮಿಲಿಲೀಟರ್ ಅನಿಲ 3.6 ಮಿಲಿಲೀಟರ್ ಆಗಬಯಸುತ್ತದೆ. ಹೆಚ್ಚಿನ 0.6 ಮಿಲಿಲೀಟರಿಗೆ ಎಡೆಯೆಲ್ಲಿ?

ಕಣ್ಣು ಕಬ್ಬಿಣದ ಗುಂಡಾಗಿದ್ದರೆ ಏನಾಗುತ್ತಿತ್ತೆಂದು ನೋಡಿ. ಕಣ್ಣಿನೊಳಗೆ ಸಹಜವಾಗಿ ಹೊರಗಿನದಕ್ಕಿಂತ 15 ಮಿಲಿಮೀಟರಿನಷ್ಟು ಹೆಚ್ಚಿನ ಒತ್ತಡವಿರುತ್ತದೆ. ಬೆಂಗಳೂರಿನಲ್ಲಿ ಒಳಗೆ 696, ಹೊರಗೆ 681. ವಿಮಾನದಲ್ಲಿ ಒಳಗೆ ಅದೇ 696, ಹೊರಗೆ 565. ವ್ಯತ್ಯಾಸ 131! ಕಣ್ಣಿಗೆ ರಕ್ತ ತರುವ ನಾಳದ ಒತ್ತಡ ಸರಾಸರಿಯಲ್ಲಿ ಇದರ ಅರ್ಧದಷ್ಟೇ. ಅಷ್ಟನ್ನು ಮೀರಿದೊಡನೆ ರಕ್ತ ಒಳಗೆ ಬರಲಾರದು; ನೋಟ ಕಪ್ಪಾಗುತ್ತದೆ; ರಕ್ತವಿಲ್ಲದ ಅಕ್ಷಿಪಟ ಬಹಳ ಹೊತ್ತು ಬದುಕಲಾರದು.

ಪುಣ್ಯಕ್ಕೆ ಕಣ್ಣು ಕಬ್ಬಿಣದ್ದಲ್ಲ. ಗೋಡೆ ಕೊಂಚ ಹಿಗ್ಗುತ್ತದೆ, ಒಳಗಿನ ರಕ್ತ ಕೊಂಚ ಹಿಂಡಿ ಹೋಗುತ್ತದೆ. ಮುಖ್ಯವಾಗಿ, ಕಣ್ಣಿನಲ್ಲಿ ಸದಾ ಊರುವ ತಿಳಿನೀರು ಹೆಚ್ಚು ವೇಗದಿಂದ ಹೊರಗೆ ಇಂಗತೊಡಗುತ್ತದೆ. ಆದರೆ ಈ ನೀರಿನ ಕಾಲುವೆ ಬಹಳ ಕಿರಿದು. ಸಹಜ ಸ್ಥಿತಿಯಲ್ಲಿ ಅದರಲ್ಲಿ ಹರಿಯುವುದು ನಿಮಿಷಕ್ಕೆ ಸುಮಾರು ಎರಡೂವರೆ ಮೈಕ್ರೋಲೀಟರ್. ಒಂದು ಮಿಲಿಲೀಟರ್ ಹರಿಯಲು ಆರೂವರೆ ಗಂಟೆಗೂ ಮೀರಿ ಬೇಕು. ಒತ್ತಡ ಏರಿದಾಗ ಹರಿವು ಹಲವು ಪಟ್ಟಾದರೂ, ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಮೇಲೇರಿಬಿಡುವ ವಿಮಾನದ ಜೊತೆ ಅದು ಓಡಲಾರದು. ಗ್ಲಾಕೋಮಾ ಇದ್ದವರಲ್ಲಿ ಆ ಕಾಲುವೆಯೇ ಕಟ್ಟಿಕೊಂಡಿರುವುದರಿಂದ ಅಪಾಯ ಇನ್ನೂ ಹೆಚ್ಚು. ಇದರಿಂದ ತಿಳಿಯುವುದೇನೆಂದರೆ, ಅಪಾಯವನ್ನು ನಿರ್ಣಯಿಸುವ ಅಂಶಗಳು ಮೂರು: ಗುಳ್ಳೆ ಎಷ್ಟು ದೊಡ್ಡದು, ಒತ್ತಡ ಎಷ್ಟು ಇಳಿಯಿತು, ಎಷ್ಟು ಬೇಗ ಇಳಿಯಿತು. ವಿಮಾನದಲ್ಲಿ ಕೊನೆಯ ಎರಡೂ ಒಟ್ಟಿಗೆ ಕೂಡಿಬರುತ್ತವೆ. ಮೇಲಾಗಿ, ನೋವೆಂದು ಕೂಗಿದರೂ ಕೂಡಲೇ ಕೆಳಗಿಳಿಯುವಂತಿಲ್ಲ.

ಈ ಮೂರನ್ನು ಹಿಡಿದುಕೊಂಡು ನಮ್ಮ ರೈತನ ದಾರಿಗಳನ್ನು ಒಂದೊಂದಾಗಿ ನೋಡೋಣ. ಲೆಕ್ಕ ಸುಲಭವಾಗಲೆಂದು ಗಾಳಿಯ ಒತ್ತಡವನ್ನಷ್ಟೇ ಗಣನೆಗೆ ತೆಗೆದುಕೊಂಡಿದ್ದೇನೆ.

ಅವನು ಬೆಂಗಳೂರಿನಿಂದ ಬಸ್ಸಿನಲ್ಲೋ ರೈಲಿನಲ್ಲೋ ಅಂತರಸನಹಳ್ಳಿಗೆ ಮರಳಿದರೆ ಯಾವ ಭಯವೂ ಇಲ್ಲ. ಅವನು ಇಳಿಯುತ್ತಿರುವುದು ಕೇವಲ ನೂರು ಮೀಟರ್. ಗುಳ್ಳೆ ನೂರಕ್ಕೆ ಒಂದು ಪಾಲು ಕುಗ್ಗುತ್ತದೆ, ಅಷ್ಟೇ. ಗುಬ್ಬಿಗೋ ಕುಣಿಗಲ್ಲಿಗೋ ಹೋಗಿಬಂದರೂ ಇದೇ ಮಾತು. ತಪಾಸಣೆಗೆಂದು ಮತ್ತೆ ಬೆಂಗಳೂರಿಗೆ ಹೋದಾಗಲೂ ಏರುವುದು ಅದೇ ನೂರು ಮೀಟರ್.

ದೇವರಾಯನದುರ್ಗಕ್ಕೆ ಹೋದರೆ? ತುಮಕೂರಿನಿಂದ ಹದಿನೈದು ಕಿಲೋಮೀಟರಿನಷ್ಟು ದೂರದ ಈ ಬೆಟ್ಟದ ಎತ್ತರ ಸುಮಾರು 1,200 ಮೀಟರ್. ಅಲ್ಲಿ ಒತ್ತಡ 658ರಷ್ಟು. 3 ಮಿಲಿಲೀಟರಿನ ಗುಳ್ಳೆ 3.14 ಆಗಬಯಸುತ್ತದೆ. ವಿಮಾನದ 0.6ರ ಮುಂದೆ ಇದು ಸಣ್ಣದೇ. ಆದರೆ ಆ ಏರಿಕೆ ಬಹುಪಾಲು ಕೊನೆಯ ಕೆಲವು ಕಿಲೋಮೀಟರುಗಳಲ್ಲಿ, ಹತ್ತಿಪ್ಪತ್ತು ನಿಮಿಷಗಳಲ್ಲಿ ಆಗಿಬಿಡುತ್ತದೆ. ಗುಳ್ಳೆ ತುಂಬಿರುವ ಮೊದಲ ವಾರದಲ್ಲಿ ಇದೂ ಒತ್ತಡ ಏರಿಸಲು ಸಾಕು. ನರಸಿಂಹಸ್ವಾಮಿಯ ದರ್ಶನ ಒಂದೆರಡು ತಿಂಗಳು ಕಾಯಬಹುದು.

ಮೂರನೆಯ ದಾರಿ ಕರಾವಳಿಯದು. ನಮ್ಮವರಲ್ಲಿ ಮಂಗಳೂರಿಗೆ ಹೋಗಿ ಚಿಕಿತ್ಸೆ ಮಾಡಿಸಿಕೊಳ್ಳುವವರೂ ಇದ್ದಾರೆ. ಅಲ್ಲಿ ಗುಳ್ಳೆಯನ್ನು ತುಂಬಿದ್ದು 760 ಮಿಲಿಮೀಟರಿನ ಒತ್ತಡದಲ್ಲಿ. ಮರಳಿ ಬರುವಾಗ ಶಿರಾಡಿ ಘಾಟಿಯನ್ನು ಹತ್ತಿ 900 ಮೀಟರಿಗೂ ಮೀರಿದ ಸಕಲೇಶಪುರಕ್ಕೆ ಬಂದರೆ ಒತ್ತಡ 680ರ ಆಸುಪಾಸಿಗೆ ಇಳಿಯುತ್ತದೆ. 3 ಮಿಲಿಲೀಟರ್ ಗುಳ್ಳೆ ಒಂದು ಗಂಟೆಯ ಆಚೀಚೆಯಲ್ಲಿ 3.35 ಮಿಲಿಲೀಟರಿಗೆ ಉಬ್ಬಬಯಸುತ್ತದೆ. ವಿಮಾನದಲ್ಲಾಗುವ ಉಬ್ಬರದ ಅರ್ಧಕ್ಕೂ ಹೆಚ್ಚು! ಅವನಿಗೆ ಇದು ಪ್ರವಾಸವಲ್ಲ, ಬರೀ ಮನೆಗೆ ಹೋಗುವ ದಾರಿ. ಆದ್ದರಿಂದ ಬೆಟ್ಟ ಹತ್ತಬೇಡವೆಂಬ ಅಪ್ಪಣೆ ತನಗೆ ಅನ್ವಯಿಸುತ್ತದೆಂದು ಅವನಿಗೆ ಹೊಳೆಯುವುದೇ ಇಲ್ಲ. ಘಟ್ಟದ ಮೇಲಿನವನೆಂದು ವೈದ್ಯರಿಗೆ ಮೊದಲೇ ಹೇಳಬೇಕು. ಅವರು ಗುಳ್ಳೆ ಕುಗ್ಗುವವರೆಗೆ ಕೆಳಗೇ ಉಳಿಯಲು ಹೇಳಬಹುದು, ಬೇಗ ಕರಗುವ ಅನಿಲವನ್ನು ಆರಿಸಬಹುದು, ಇಲ್ಲವೆ ಅನಿಲದ ಬದಲು ಸಿಲಿಕೋನ್ ಎಣ್ಣೆಯನ್ನು ತುಂಬಬಹುದು. ಎಣ್ಣೆ ದ್ರವವಾದ್ದರಿಂದ ಎತ್ತರಕ್ಕೆ ಉಬ್ಬುವುದಿಲ್ಲ. ಆದರೆ ತಾನಾಗಿ ಕರಗುವುದೂ ಇಲ್ಲ, ತೆಗೆಯಲು ಇನ್ನೊಂದು ಶಸ್ತ್ರಚಿಕಿತ್ಸೆ ಬೇಕು.

ನಾಲ್ಕನೆಯ ದಾರಿ ಎಲ್ಲಕ್ಕಿಂತ ಮೋಸದ್ದು. ಕಣ್ಣು ಸರಿಹೋಗಲೆಂದು ತಿರುಪತಿಗೆ ಹರಕೆ ಹೊತ್ತವರು ನಮ್ಮಲ್ಲಿ ಕಡಿಮೆಯೇ? ತಿರುಮಲೆಯ ಎತ್ತರ ಸುಮಾರು 850 ಮೀಟರ್. ತುಮಕೂರಿಗೆ ಬಹುತೇಕ ಸಮ. ಸಮ ಎತ್ತರದ ಊರಿಗೆ ಹೋಗುವುದರಲ್ಲಿ ಅಪಾಯವೇನೆಂದು ವಿದ್ಯಾವಂತನೂ ವಾದಿಸಬಹುದು. ಆದರೆ ನಡುವೆ ಬೆಟ್ಟದ ಬುಡದ ತಿರುಪತಿ ಪಟ್ಟಣವಿದೆ. ಅದರ ಎತ್ತರ 160 ಮೀಟರಿನಷ್ಟೇ, ಒತ್ತಡ 746ರಷ್ಟು. ತುಮಕೂರಿನ 3 ಮಿಲಿಲೀಟರ್ ಗುಳ್ಳೆ ಅಲ್ಲಿ 2.77ಕ್ಕೆ ಕುಗ್ಗುತ್ತದೆ. ಖಾಲಿಯಾದ 0.23 ಮಿಲಿಲೀಟರ್ ಜಾಗ ಖಾಲಿಯಾಗಿಯೇ ಉಳಿಯುವುದಿಲ್ಲ. ಕಣ್ಣು ನೀರನ್ನು ಊರಿಸಿ ಅದನ್ನು ತುಂಬುತ್ತದೆ. ರಾತ್ರಿ ಛತ್ರದಲ್ಲಿ ಮಲಗಿ ಏಳುವಷ್ಟರಲ್ಲಿ ಅದು ಧಾರಾಳವಾಗಿ ತುಂಬಿಕೊಂಡಿರುತ್ತದೆ. ಬೆಳಿಗ್ಗೆ ಬಸ್ಸು ಮುಕ್ಕಾಲು ಗಂಟೆಯೊಳಗೆ ಬೆಟ್ಟ ಹತ್ತಿದಾಗ ಗುಳ್ಳೆ ಮತ್ತೆ 3 ಮಿಲಿಲೀಟರ್ ಆಗಬಯಸುತ್ತದೆ. ಆ ಜಾಗದಲ್ಲಿ ಈಗ ನೀರು ಕೂತಿದೆ. ತನ್ನ ಮನೆಯಲ್ಲಿ ನೆಮ್ಮದಿಯಾಗಿದ್ದ ಗುಳ್ಳೆಯೇ ಅದೇ ಎತ್ತರದಲ್ಲಿ ಈಗ ಕಣ್ಣನ್ನು ಹಿಂಡುತ್ತದೆ.

ಈ ಲೇಖನದ ಮುಖ್ಯ ಮಾತು ಇದೇ. ಗುಳ್ಳೆಗೆ ಶತ್ರುವಾದದ್ದು ಎತ್ತರವಲ್ಲ, ಏರಿಕೆ. ಕಣ್ಣು ಯಾವ ಮಟ್ಟದಲ್ಲಿ ನೆಲೆಗೊಂಡಿದೆಯೋ ಅಲ್ಲಿಂದ ಎಷ್ಟು ಮೇಲೇರಿದೆವು, ಎಷ್ಟು ಬೇಗ ಏರಿದೆವು ಎಂಬುದೇ ಲೆಕ್ಕ. ಸಾವಿರಾರು ಮೀಟರ್ ಎತ್ತರದ ಊರಿನಲ್ಲಿಯೇ ಚಿಕಿತ್ಸೆಯಾಗಿ ಅಲ್ಲಿಯೇ ಉಳಿದವನಿಗೆ ಭಯವಿಲ್ಲ. ಸಮುದ್ರದ ದಂಡೆಯಿಂದ ನಮ್ಮ ಬಯಲುಸೀಮೆಗೆ ಬರುವವನಿಗೆ ಭಯವುಂಟು. ಆದ್ದರಿಂದ ಹೋಗುವ ಊರಿನ ಎತ್ತರವನ್ನಷ್ಟೇ ಕೇಳಿದರೆ ಸಾಲದು. ದಾರಿಯ ಇಳಿತ ಏರಿತಗಳನ್ನೆಲ್ಲ ವೈದ್ಯರ ಮುಂದಿಡಬೇಕು.

ಬೆಟ್ಟವಿಲ್ಲದೆಯೂ ಗುಳ್ಳೆಯನ್ನು ಉಬ್ಬಿಸಬಲ್ಲ ವಸ್ತು ಒಂದಿದೆ. ಬೇರೆ ಶಸ್ತ್ರಚಿಕಿತ್ಸೆಗಳಲ್ಲಿ ಮತ್ತು ಕೆಲವೆಡೆ ಹಲ್ಲಿನ ಚಿಕಿತ್ಸೆಯಲ್ಲಿ ನೋವು ತಿಳಿಯದಿರಲೆಂದು ನೈಟ್ರಸ್ ಆಕ್ಸೈಡ್ ಎಂಬ ಅನಿಲವನ್ನು ಉಸಿರಾಡಿಸುತ್ತಾರೆ. ಇದು ರಕ್ತದಲ್ಲಿ ನೈಟ್ರೋಜನ್ನಿಗಿಂತ 30 ಪಟ್ಟಿಗೂ ಹೆಚ್ಚು ಕರಗುವುದರಿಂದ, ಗುಳ್ಳೆಯೊಳಗಿನದು ಹೊರಬರುವುದಕ್ಕಿಂತ ಬಹು ಬೇಗನೆ ತಾನು ಒಳಹೊಕ್ಕು ಗುಳ್ಳೆಯನ್ನು ಉಬ್ಬಿಸುತ್ತದೆ. ಅಪಘಾತಕ್ಕೆ ಸಿಕ್ಕಿ ಪ್ರಜ್ಞೆ ತಪ್ಪಿದವನು ಕಣ್ಣಿನ ಗುಳ್ಳೆಯ ಸಂಗತಿಯನ್ನು ಹೇಳಲಾರ. ಇದಕ್ಕೆಂದೇ ಅನೇಕ ಆಸ್ಪತ್ರೆಗಳು ರೋಗಿಯ ಮಣಿಕಟ್ಟಿಗೆ ಒಂದು ಪಟ್ಟಿಯನ್ನು ಕಟ್ಟಿ ಕಳುಹಿಸುತ್ತವೆ. ಅದನ್ನು ಸ್ನಾನಕ್ಕೆ ಅಡ್ಡಿಯೆಂದು ಕತ್ತರಿಸಿ ಎಸೆಯಬಾರದು. ಪಟ್ಟಿ ಕಟ್ಟದಿದ್ದಲ್ಲಿ ಚೀಟಿಯೊಂದನ್ನು ಜೇಬಿನಲ್ಲಿಟ್ಟುಕೊಳ್ಳುವುದು ಲೇಸು.

ಅಪಾಯ ಬಂದಿದೆಯೆಂದು ತಿಳಿಯುವುದು ಹೇಗೆ? ಮೇಲೇರುತ್ತಿರುವಾಗ ಆ ಕಣ್ಣಿನಲ್ಲಿ ಒತ್ತಿದಂಥ ನೋವು, ಅದೇ ಬದಿಯ ಹಣೆಯ ಸಿಡಿತ, ಹೊಟ್ಟೆ ತೊಳಸಿ ಬರುವ ವಾಂತಿ, ಇವು ಮೊದಲ ಲಕ್ಷಣಗಳು. ವಾಂತಿಯನ್ನು ಘಾಟಿಯ ತಿರುವುಗಳ ಫಲವೆಂದು ತಿಳಿದು ನಿಂಬೆಹಣ್ಣು ಮೂಸುತ್ತ ಕೂತರೆ ಅಮೂಲ್ಯವಾದ ಹೊತ್ತು ಕಳೆದುಹೋಗುತ್ತದೆ. ಮುಂದಿನ ಲಕ್ಷಣವೆಂದರೆ ಕಾಣುತ್ತಿದ್ದ ಬೆಳಕೂ ಮಂಕಾಗಿ ಕಪ್ಪಾಗುವುದು. ಆಗ ಮಾಡಬೇಕಾದ ಮೊದಲ ಕೆಲಸ ತಿರುಗಿ ಕೆಳಗಿಳಿಯುವುದು. ಇಳಿದಷ್ಟೂ ಗುಳ್ಳೆ ಕುಗ್ಗುತ್ತದೆ. ನೋವು ಇಳಿದರೂ ಅಲ್ಲಿಗೇ ಬಿಡದೆ ಅಂದೇ ಕಣ್ಣಿನ ಆಸ್ಪತ್ರೆಯನ್ನು ಸೇರಬೇಕು. ವೈದ್ಯರು ಒತ್ತಡ ಅಳೆದು, ಔಷಧದಿಂದ ಇಳಿಸುತ್ತಾರೆ. ಸಾಲದಿದ್ದರೆ ಸಣ್ಣ ಸೂಜಿಯಿಂದ ಒಂದಿಷ್ಟು ಅನಿಲವನ್ನೇ ಹೊರತೆಗೆಯುತ್ತಾರೆ. ಬರೀ ತಲೆನೋವಿನ ಗುಳಿಗೆ ನುಂಗಿ ಬೆಳಗಾಗಲೆಂದು ಕಾಯುವಂತಿಲ್ಲ.

ಕೊನೆಯದಾಗಿ, ಈ ನಿರ್ಬಂಧ ಎಲ್ಲಿಯವರೆಗೆ? ಎರಡು ವಾರವೆಂದೋ ಎಂಟು ವಾರವೆಂದೋ ಪಂಚಾಂಗ ನೋಡಿ ಎಣಿಸುವುದು ಸರಿಯಲ್ಲ. ಒಂದೇ ಅನಿಲ ಒಬ್ಬರಲ್ಲಿ ಬೇಗ, ಇನ್ನೊಬ್ಬರಲ್ಲಿ ತಡವಾಗಿ ಕರಗುತ್ತದೆ. ನೋಟದ ಗೆರೆ ಅರ್ಧಕ್ಕಿಳಿದಾಗ ಇನ್ನೇನು ಮುಗಿಯಿತೆಂದು ರೋಗಿಗೆ ಅನಿಸುವುದು ಸಹಜ. ಆದರೆ ಆಗ ಕಣ್ಣೊಳಗೆ ಇನ್ನೂ ಅರ್ಧದಷ್ಟು ಅನಿಲವಿರುತ್ತದೆ. ತಳದಲ್ಲಿ ಸಾಸಿವೆಕಾಳಿನಷ್ಟಾಗಿ, ಅದೂ ಮಾಯವಾದ ಮೇಲೆ, ವೈದ್ಯರು ಪಾಪೆಯನ್ನು ಹಿಗ್ಗಿಸಿ ಒಳಗೆ ನೋಡಿ ಗುಳ್ಳೆ ಪೂರ್ತಿ ಹೋಗಿದೆಯೆಂದು ಹೇಳಬೇಕು. ಆ ಮಾತು ಬಂದ ದಿನ ಮಣಿಕಟ್ಟಿನ ಪಟ್ಟಿಯನ್ನು ಕತ್ತರಿಸಬಹುದು. ಮಾರನೆಯ ದಿನವೇ ತಿರುಮಲೆಗೆ ಹೊರಟರೂ ಗುಳ್ಳೆಯ ಮಟ್ಟಿಗೆ ಯಾರ ಅಡ್ಡಿಯೂ ಇಲ್ಲ.